ಅತ್ತಿಗೆಯ 50ನೇ ಹುಟ್ಟುಹಬ್ಬ: ಗ್ರೂಪಿನಲ್ಲೇ ಪ್ಲಾನ್ ಮಾಡಬೇಕು, ಅವರಿಗೆ ಮಾತ್ರ ಗೊತ್ತಾಗಬಾರದು

ಮುಲುಂಡ್ ಮೈದುನ · ಸೋಮವಾರ ರಾತ್ರಿ

ನಮಸ್ಕಾರ ಎಲ್ಲರಿಗೂ. ನಾನಿರುವುದು ಮುಲುಂಡ್‌ನಲ್ಲಿ, ಅಣ್ಣ ಅತ್ತಿಗೆ ಡೊಂಬಿವಲಿಯಲ್ಲಿ. ಮುಂದಿನ ವಾರದ ಭಾನುವಾರ ಅತ್ತಿಗೆಗೆ 50 ತುಂಬುತ್ತದೆ. ಸ್ಟೇಷನ್ ಹತ್ತಿರ ಒಂದು ಹೋಟೆಲಿನ ಮೇಲೆ ಸಣ್ಣ ಹಾಲ್ ಇದೆ. ಅಲ್ಲಿ ಮಧ್ಯಾಹ್ನ 1 ಗಂಟೆಗೆ ಊಟ, 34 ಜನ. ಅತ್ತಿಗೆಗೆ ಏನೂ ಹೇಳಿಲ್ಲ.

ಕಷ್ಟ ಏನೆಂದರೆ, ನಮ್ಮ ಮನೆತನದ ವಾಟ್ಸಾಪ್ ಗ್ರೂಪ್ ಮಾಡಿದ್ದೇ ಅತ್ತಿಗೆ. ಯಾರ ಹುಟ್ಟುಹಬ್ಬ ಇದ್ದರೂ ಬೆಳಿಗ್ಗೆ ಮೊದಲ ಮೆಸೇಜ್ ಅವರದು. ಅಣ್ಣನ ಫೋನೂ ಅರ್ಧ ದಿನ ಅವರ ಕೈಯಲ್ಲೇ. ಗ್ಯಾಸ್ ಬುಕ್ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು ಎಲ್ಲ ಅದರಿಂದಲೇ.

ನಿನ್ನೆ ನಾನು "ಅತ್ತಿಗೆ 50" ಅಂತ ಹೊಸ ಗ್ರೂಪ್ ಮಾಡಿ 21 ಜನರನ್ನು ಸೇರಿಸಿದೆ. ಅಣ್ಣನೂ ಇದ್ದಾನೆ. ಒಂದು ಗಂಟೆಯೊಳಗೆ ನಮ್ಮ ಚಿಕ್ಕಮ್ಮನ ಮಗ "ಕೇಕ್ ಮೇಲೆ ಹೆಸರು ಕನ್ನಡದಲ್ಲಿ ಬರೆಸೋಣವಾ?" ಅಂತ ಹಳೆ ಗ್ರೂಪಿಗೇ ಹಾಕಿಬಿಟ್ಟ! ಆಮೇಲೆ ಗಾಬರಿಯಾಗಿ ಡಿಲೀಟ್ ಮಾಡಿದ. ಅತ್ತಿಗೆ "ಏನೋ ಅದು, ಡಿಲೀಟ್ ಮಾಡಿದ್ದು?" ಅಂತ ಕೇಳಿದ್ದಾರೆ. 24 ಗಂಟೆ ಆಯಿತು, ಒಬ್ಬರೂ ಉತ್ತರ ಕೊಟ್ಟಿಲ್ಲ. ಈಗ ಏನು ಮಾಡಲಿ?

ಠಾಣೆ ಟಿಫಿನ್

ಟೆನ್ಷನ್ ಬೇಡ ಬ್ರದರ್. ಎಲ್ಲರಿಗೂ ಡಿಲೀಟ್ ಮಾಡಿದರೆ ಮೆಸೇಜ್ ಹೋಯಿತು ಅಂತಲೇ ಅರ್ಥ. ಇನ್ನು ಮುಂದೆ ಎಲ್ಲರೂ ಹೊಸ ಗ್ರೂಪಿಗೆ ಚಾಟ್ ಲಾಕ್ ಹಾಕಿಕೊಳ್ಳಲಿ. ಬೆರಳಚ್ಚು ಇಲ್ಲದೆ ತೆರೆಯುವುದಿಲ್ಲ. ಅಣ್ಣನ ಫೋನಿಗೂ ಅದನ್ನೇ ಮಾಡಿ. ಮುಗಿಯಿತು.

ವಾಸ್ಕೊ ಹುಡುಗ

ನನ್ನ ಪ್ರಕಾರ ಅತ್ತಿಗೆಯವರನ್ನು ಎರಡು ವಾರ ಗ್ರೂಪಿನಿಂದ ತೆಗೆಯುವುದು ಸರಿಯಲ್ಲ. ಅವರು ಅಷ್ಟು ವರ್ಷದಿಂದ ಅಡ್ಮಿನ್ ಆಗಿದ್ದವರು, ಬೇಸರ ಮಾಡಿಕೊಳ್ಳುತ್ತಾರೆ.

ಮುಲುಂಡ್ ಮೈದುನ

ಅಯ್ಯೋ, ತೆಗೆಯುತ್ತೇನೆ ಅಂತ ನಾನೆಲ್ಲಿ ಹೇಳಿದೆ? ಪಾರ್ಟಿಗೆ ಬೇರೆ ಗ್ರೂಪ್ ಮಾಡಿದ್ದೇನೆ ಅಷ್ಟೆ.

ಮಾಟುಂಗ ಕಾಫಿ

ತೆಗೆಯಬೇಕೆಂದರೂ ಆಗುವುದಿಲ್ಲ ಬಿಡಿ. ಗ್ರೂಪ್ ಮಾಡಿದವರನ್ನು ಬೇರೆ ಅಡ್ಮಿನ್ ತೆಗೆಯಲು ವಾಟ್ಸಾಪ್ ಬಿಡುವುದಿಲ್ಲ.

ಮೈದುನ ಅವರೇ, ನಮ್ಮ ಮನೆಯಲ್ಲಿ ಹೀಗೆ ಆರೇಳು ಪಾರ್ಟಿ ಮಾಡಿದ್ದೇವೆ. ಎರಡು ಕೆಟ್ಟಿವೆ. ಎರಡೂ ಗ್ರೂಪಿನ ಒಳಗಿನಿಂದ ಕೆಟ್ಟದ್ದಲ್ಲ. ಅವರು ಇಲ್ಲದ ಗ್ರೂಪನ್ನು ಅವರ ಫೋನಿನಿಂದ ನೋಡಲು ಆಗುವುದೇ ಇಲ್ಲ. ಗುಟ್ಟು ಹೋಗುವುದು ಮನೆಯಲ್ಲಿ ಮೇಜಿನ ಮೇಲೆ ಬಿದ್ದಿರುವ ಬೇರೆಯವರ ಫೋನಿನಿಂದ. ಇನ್ನೊಂದು ದಾರಿ, ಹಳೆ ಗ್ರೂಪ್ ಇದ್ದಕ್ಕಿದ್ದಂತೆ ಸುಮ್ಮನಾಗುವುದು. ನಿಮಗೀಗ ಎರಡೂ ಆಗುತ್ತಿವೆ.

ಮೊದಲು ಕೇಕ್ ಮೆಸೇಜ್ ವಿಷಯ. ಟಿಫಿನ್ ಅವರು ಹೇಳಿದ್ದು ಅರ್ಧ ಸರಿ. ಮಾತು ಹೋಗುತ್ತದೆ, ಗುರುತು ಹೋಗುವುದಿಲ್ಲ. ಅಲ್ಲಿ `This message was deleted` ಅಂತ ಕೂತಿರುತ್ತದೆ. ಅದೇ ಅತ್ತಿಗೆಯ ಕಣ್ಣಿಗೆ ಬಿದ್ದದ್ದು. ಅಲ್ಲದೆ ಆಂಡ್ರಾಯ್ಡ್ ಫೋನಿನಲ್ಲಿ ನೋಟಿಫಿಕೇಶನ್ ಹಿಸ್ಟರಿ ಆನ್ ಇದ್ದರೆ ಅಳಿಸಿದ ಮೆಸೇಜೂ ಒಂದು ದಿನದ ಮಟ್ಟಿಗೆ ಅಲ್ಲಿ ಓದಲು ಸಿಗುತ್ತದೆ.

ಇಂಥ ತಪ್ಪು ಆದಾಗ ಕೈ ನೇರವಾಗಿ ಡಿಲೀಟ್ ಕಡೆ ಹೋಗಬಾರದು. ಮೆಸೇಜನ್ನು ಒತ್ತಿ ಹಿಡಿದು Info ನೋಡಬೇಕು. `Read by` ಕೆಳಗೆ ಅವರ ಹೆಸರು ಇದೆಯೋ, `Delivered to` ಕೆಳಗೆ ಇದೆಯೋ ಅಲ್ಲಿ ಕಾಣಿಸುತ್ತದೆ. ನೀಲಿ ಟಿಕ್ ಆಫ್ ಮಾಡಿಟ್ಟವರದ್ದೂ ಗ್ರೂಪಿನಲ್ಲಿ ಕಾಣಿಸುತ್ತದೆ. ಓದಿಲ್ಲ ಅಂತಾದರೆ, 15 ನಿಮಿಷದೊಳಗೆ ಎಡಿಟ್ ಮಾಡಿ. "ಕೇಕ್ ಮೇಲೆ ಹೆಸರು" ಇದ್ದದ್ದನ್ನು "ಎಲ್ಲರೂ ಊಟ ಆಯ್ತಾ?" ಮಾಡಿ. ಪಕ್ಕದಲ್ಲಿ ಎಡಿಟ್ ಆಗಿದೆ ಅನ್ನುವ ಸಣ್ಣ ಪದ ಬರುತ್ತದೆ, ಮೊದಲು ಏನಿತ್ತು ಅಂತ ಚಾಟಿನಲ್ಲಿ ಕಾಣುವುದಿಲ್ಲ. ಪರದೆಯ ಮೇಲೆ ಬಂದ ನೋಟಿಫಿಕೇಶನ್‌ನಲ್ಲೇ ಓದಿಬಿಟ್ಟಿದ್ದರೆ ಮಾತ್ರ ಏನೂ ಮಾಡಲು ಬರುವುದಿಲ್ಲ. ಅವರು ಚಾಟ್ ತೆರೆಯದಿದ್ದರೆ ಅದು Info ದಲ್ಲೂ ಗೊತ್ತಾಗುವುದಿಲ್ಲ.

ಓದಿದ್ದಾರೆ ಅಂತಾದರೆ ಡಿಲೀಟೂ ಬೇಡ, ಎಡಿಟೂ ಬೇಡ. ಆ ಮೆಸೇಜಿನಲ್ಲಿ ಅವರ ಹೆಸರೇ ಇರಲಿಲ್ಲವಲ್ಲ! "ಸಾರಿ, ಆಫೀಸ್ ಗ್ರೂಪಿಗೆ ಹಾಕಬೇಕಿತ್ತು" ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಳಿಸಿದ್ದರಿಂದ ಸುದ್ದಿ ಆಯಿತು.

ಮುಲುಂಡ್ ಮೈದುನ

ಈಗ ಅಳಿಸಿ ಆಗಿದೆಯಲ್ಲ ಅಕ್ಕ. ಅವರು ಓದಿದ್ದರಾ ಇಲ್ಲವಾ ಅಂತ ನೋಡಲೂ ಆಗುವುದಿಲ್ಲ.

ಮಾಟುಂಗ ಕಾಫಿ

ಹಾಗಾದರೆ ಓದಿದ್ದಾರೆ ಅಂತಲೇ ಇಟ್ಟುಕೊಳ್ಳಿ. ಆ ಹುಡುಗನಿಂದಲೇ ಉತ್ತರ ಬರಲಿ, ಬೇರೆಯವರು ಬಾಯಿ ಹಾಕಬೇಡಿ. "ಆಫೀಸಿನ ಹುಡುಗಿಯೊಬ್ಬಳಿಗೆ ಕೇಕ್ ತರಿಸುತ್ತಿದ್ದೆವು ಅತ್ತಿಗೆ, ನಿಮಗೆಲ್ಲ ಬಂತು" ಅಂದರೆ ಸಾಕು. ಕೇಕ್ ಅನ್ನುವ ಮಾತನ್ನು ಮುಚ್ಚಿಡಲು ಹೋಗಬಾರದು. ಅವರು ಓದಿದ್ದರೆ, ಕೇಕ್ ಇಲ್ಲದ ಉತ್ತರ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನು ಅಣ್ಣ. ಚಾಟ್ ಲಾಕ್ ಅವರ ಫೋನಿಗೆ ಬೇಡವೇ ಬೇಡ. ಲಾಕ್ ಕೆಲಸ ಮಾಡುವುದಿಲ್ಲ ಅಂತಲ್ಲ. ಮೆಸೇಜಿನ ಮಾತು ಕಾಣದೆ ಬರೀ ಹೊಸ ಮೆಸೇಜ್ ಬಂದಿದೆ ಅಂತ ತೋರಿಸುತ್ತದೆ. ಆದರೆ ಚಾಟ್ ಪಟ್ಟಿಯನ್ನು ಕೆಳಗೆ ಎಳೆದರೆ ಲಾಕ್ ಮಾಡಿದ ಚಾಟ್ ಇದೆ ಅಂತ ಕಾಣುತ್ತದೆ. ರಹಸ್ಯ ಕೋಡ್ ಇಟ್ಟು ಅದನ್ನೂ ಮರೆಮಾಡಬಹುದು ಅನ್ನಿ. ಆದರೂ ಇಷ್ಟು ವರ್ಷ ಹೆಂಡತಿಯ ಕೈಯಲ್ಲಿದ್ದ ಫೋನನ್ನು ಗಂಡ ಒಂದು ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರೆ ಏನಾಗುತ್ತದೆ? ಪಾರ್ಟಿ ಗುಟ್ಟಾಗಿಯೇ ಉಳಿಯುತ್ತದೆ, ಮನೆಯಲ್ಲಿ ಬೇರೆ ಜಗಳ ಶುರುವಾಗುತ್ತದೆ.

ಅಣ್ಣ ಗ್ರೂಪಿನಲ್ಲೇ ಇರಬಾರದು. ತೆಗೆದರೂ ಸಾಲದು. ಹಳೆ ಮೆಸೇಜುಗಳು ಅವರ ಫೋನಿನಲ್ಲಿ ಹಾಗೇ ಇರುತ್ತವೆ. ನಾಳೆ ಅವರು ಆಫೀಸಿನಲ್ಲಿರುವಾಗ ಫೋನ್ ಮಾಡಿ. ಗ್ರೂಪಿನಿಂದ ಹೊರಗೆ ಬಂದು, ಚಾಟನ್ನು ಅಳಿಸಿ, ಆಮೇಲೆ ಗ್ಯಾಲರಿಗೆ ಹೋಗಿ ಕೇಕಿನ ಫೋಟೋ ಗೀಟೋ ಸೇವ್ ಆಗಿದ್ದರೆ ಅದನ್ನೂ ಅಳಿಸಲಿ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅವರ ವಾಟ್ಸಾಪ್ ತೆರೆದಿದೆಯಾ ಅಂತ `Linked devices` ನಲ್ಲಿ ನೋಡಲಿ. ಮುಂದೆ ಅವರಿಗೆ ಏನು ಹೇಳಬೇಕಿದ್ದರೂ ಬಾಯಲ್ಲೇ ಹೇಳಿ. ಅದೂ ಅವರ ಕೆಲಸ ಎಷ್ಟೋ ಅಷ್ಟು ಮಾತ್ರ.

ಪುಣೆ ಪದ್ದಕ್ಕ

ನನ್ನ ಕಥೆ ಕೇಳಿ. ನಮ್ಮವರ 45ನೇ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಇಟ್ಟಿದ್ದೆ, ಬಾಣೇರ್‌ನ ಫ್ಲ್ಯಾಟಿನಲ್ಲಿ. ಫೋನಿನ ವಿಷಯದಲ್ಲಿ ಇಷ್ಟೇ ಹುಷಾರಾಗಿದ್ದೆ. ಅವರನ್ನು ಬೇರೊಬ್ಬರ ಜತೆ ಹೊರಗೆ ಕಳಿಸಿದ್ದೆ. ಸಂಜೆ 6.30ಕ್ಕೆ ಜನ ಬರಲು ಶುರು. ಗೇಟಿನಲ್ಲಿ ವಾಚ್‌ಮನ್ ಏನು ಮಾಡುತ್ತಾನೆ? ಗೇಟ್ ಆಪ್‌ನಲ್ಲಿ ನಮ್ಮ ಫ್ಲ್ಯಾಟ್ ನಂಬರ್ ಒತ್ತುತ್ತಾನೆ. ಆ ಪರವಾನಗಿ ಕೇಳುವುದು ನನ್ನ ಫೋನಿಗೆ ಮಾತ್ರ ಅಲ್ಲ, ಅವರ ಫೋನಿಗೂ! ಒಬ್ಬೊಬ್ಬರೂ ಬಂದಾಗ ಹೆಸರು ಸಮೇತ ಅವರಿಗೆ ಟಿಂಗ್ ಟಿಂಗ್. ಒಂಬತ್ತನೆಯವರು ಬರುವಷ್ಟರಲ್ಲಿ ನನಗೆ ಫೋನ್: "ನನ್ನ ಅಕ್ಕ ಭಾವ ಬೆಳಗಾವಿಯಿಂದ ಯಾಕೆ ಬಂದಿದ್ದಾರೆ?"

ಈಗ ಯಾರೇ ಕೇಳಿದರೂ ಒಂದೇ ಹೇಳುತ್ತೇನೆ. ಮನೆಯಲ್ಲಿ ಮಾಡುವುದಾದರೆ ಬಂದವರೆಲ್ಲ ಪಕ್ಕದ ಮನೆಯ ನಂಬರ್ ಹೇಳಲಿ. ಪಕ್ಕದವರಿಗೆ ಮೊದಲೇ ಹೇಳಿಡಿ.

ಮುಲುಂಡ್ ಮೈದುನ

ಪದ್ದಕ್ಕ, ನಗಬಾರದು ಅಂದುಕೊಂಡೆ, ಆಗಲಿಲ್ಲ. ನಮ್ಮದು ಹಾಲ್, ಆ ತೊಂದರೆ ಇಲ್ಲ. ಮಾಟುಂಗ ಅಕ್ಕ, ಗ್ರೂಪಿನ ಹೆಸರನ್ನು "ಸೊಸೈಟಿ ಪಾರ್ಕಿಂಗ್" ಮಾಡಲಾ?

ಮಾಟುಂಗ ಕಾಫಿ

ಬೇಡ. ನಿಮ್ಮ ಅಮ್ಮ ಆ ಗ್ರೂಪಿನಲ್ಲಿ ಇದ್ದಾರಾ? ಇದ್ದರೆ ಅತ್ತಿಗೆ ಅವರ ಫೋನಿಗೆ ರಿಚಾರ್ಜ್ ಮಾಡುವಾಗ ನೋಡುತ್ತಾರೆ. ಅಮ್ಮನಿಗೆ ಮುಲುಂಡ್ ಪಾರ್ಕಿಂಗ್ ಯಾಕೆ ಅಂತ ಬರುತ್ತದೆ. "ಊರಿನ ದೇವಸ್ಥಾನ" ಅಂತ ಇಟ್ಟರೆ ನನ್ನನ್ನು ಯಾಕೆ ಸೇರಿಸಿಲ್ಲ ಅಂತ ಬರುತ್ತದೆ. ಎಲ್ಲರ ಫೋನಿನಲ್ಲೂ ಇರುವಂಥ, ಯಾರೂ ತೆರೆದು ನೋಡದಂಥ ಹೆಸರು ಬೇಕು. ನಾವು "ಶುಭೋದಯ ಸಂದೇಶಗಳು" ಅಂತ ಇಟ್ಟಿದ್ದೆವು, ಸೂರ್ಯಕಾಂತಿಯ ಫೋಟೋ ಹಾಕಿ. ಒಂದು ಪ್ರಾಣಿಯೂ ಕೇಳಲಿಲ್ಲ.

ಆದರೆ 21 ಜನ ಈಗಲೇ ಬೇಡ. ಹಾಲ್, ಊಟ, ಕೇಕ್, ಕರೆದುಕೊಂಡು ಬರುವುದು, ಇಷ್ಟಕ್ಕೆ ನಾಲ್ಕು ಜನ ಸಾಕು. ಉಳಿದವರಿಗೆ ತಿಳಿಯಬೇಕಾದ್ದು ದಿನ, ಹೊತ್ತು, ಜಾಗ ಮಾತ್ರ. ಅದನ್ನು ಮೂರು ದಿನ ಮೊದಲು ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಕಳಿಸಿ. ಪ್ರತಿಯೊಬ್ಬರಿಗೂ ನಿಮ್ಮಿಂದ ಬೇರೆ ಬೇರೆ ಬಂದ ಹಾಗೆ ಬರುತ್ತದೆ, ಉತ್ತರವೂ ನಿಮಗೊಬ್ಬರಿಗೇ. ಗ್ರೂಪೇ ಇಲ್ಲದಿದ್ದರೆ ತಪ್ಪು ಗ್ರೂಪಿಗೆ ಹಾಕುವುದು ಎಲ್ಲಿಂದ? ಒಂದು ಮಿತಿ ಇದೆ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ಎಲ್ಲೂ ಅವರ ಹೆಸರು, "ಅತ್ತಿಗೆ", "ದೊಡ್ಡಮ್ಮ" ಯಾವುದೂ ಬೇಡ. "ಪಾರ್ಸೆಲ್" ಅನ್ನಿ. "ಪಾರ್ಸೆಲ್ 1 ಗಂಟೆಗೆ ತಲುಪುತ್ತೆ" ಅನ್ನುವುದು ಯಾವ ಗ್ರೂಪಿಗೆ ಹೋದರೂ ಪರವಾಗಿಲ್ಲ.

ಠಾಣೆ ಟಿಫಿನ್

ಅತ್ತಿಗೆಯನ್ನು ಪಾರ್ಸೆಲ್ ಮಾಡಿಬಿಟ್ಟಿರಲ್ಲ 😄 ಲಾಕ್ ವಿಷಯ ಒಪ್ಪಿದೆ. ಆದರೆ ಇನ್ನೊಂದು. ಭಾನುವಾರ ಮಧ್ಯಾಹ್ನ 1 ಗಂಟೆ ಅಂದಿರಲ್ಲ, ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇದ್ದರೆ?

ಮಾಟುಂಗ ಕಾಫಿ

ಇದು ನನಗೆ ಹೊಳೆದಿರಲಿಲ್ಲ, ಒಳ್ಳೆ ಮಾತು. ಮೆಗಾ ಬ್ಲಾಕ್ ಇರುವ ಭಾನುವಾರ ಹಗಲು ಹೊತ್ತು ಫಾಸ್ಟ್ ಗಾಡಿಗಳನ್ನೂ ಸ್ಲೋ ಟ್ರ್ಯಾಕಿಗೆ ಹಾಕುತ್ತಾರೆ. ದಾದರಿನಿಂದ, ಘಾಟ್‌ಕೋಪರಿನಿಂದ ಬರುವವರು ಯಾವಾಗ ತಲುಪುತ್ತಾರೆ ಅಂತ ಹೇಳಲು ಬರುವುದಿಲ್ಲ. ಬೇರೆ ಊಟಕ್ಕೆ ಅರ್ಧ ಗಂಟೆ ತಡವಾದರೆ ಏನೂ ಇಲ್ಲ. ಇಲ್ಲಿ ತಡವಾದವರು ಅತ್ತಿಗೆ ಇಳಿಯುವ ರಿಕ್ಷಾದ ಪಕ್ಕದಲ್ಲೇ ಇಳಿಯುತ್ತಾರೆ.

ಹಿಂದಿನ ದಿನ ಶನಿವಾರ ರಾತ್ರಿಗೆ ಇಡಿ. ಅತಿಥಿಗಳಿಗೆ 6.45, ಅತ್ತಿಗೆಗೆ 7.30. ಇನ್ನೊಂದು ಲಾಭ ಇದೆ. ಹುಟ್ಟುಹಬ್ಬದ ದಿನವೇ ಇಟ್ಟರೆ ಹಳೆ ಗ್ರೂಪಿನಲ್ಲಿ ಬೆಳಿಗ್ಗೆ ಯಾರು ಎಷ್ಟು ಹಾರೈಸಬೇಕು ಅನ್ನುವ ನಾಟಕ. ಕೆಲವರು "ಮಧ್ಯಾಹ್ನ ಸಿಗೋಣ" ಅಂತ ಬರೆಯುತ್ತಾರೆ, ಕೆಲವರು ಸಿಕ್ಕಿಬೀಳುವ ಭಯಕ್ಕೆ ಬಾಯೇ ಬಿಡುವುದಿಲ್ಲ. ಯಾರೂ ಹಾರೈಸದೆ ಅರ್ಧ ದಿನ ಕಳೆದರೆ ಆ ಹೆಂಗಸಿನ ಮನಸ್ಸಿಗೆ ಹೇಗಾಗಬೇಡ? ಹಿಂದಿನ ದಿನ ಅಂದರೆ ಆ ರಗಳೆಯೇ ಇಲ್ಲ.

ಕೋಥ್ರೂಡ್ ಅಮ್ಮ

ನನ್ನದೊಂದು ಬೇರೆ ಮಾತು. ನನ್ನ ಮಕ್ಕಳು ಹೀಗೇ ಮಾಡಿದ್ದರು. "ಸುಮ್ನೆ ಐಸ್‌ಕ್ರೀಮ್‌ಗೆ ಬಾ ಅಮ್ಮ" ಅಂತ ಕರೆದುಕೊಂಡು ಹೋದರು. ನಾನು ಮನೆಯ ಹಳೆ ಚೂಡಿದಾರದಲ್ಲಿ, ತಲೆಗೆ ಎಣ್ಣೆ ಹಚ್ಚಿಕೊಂಡು. ಬಾಗಿಲು ತೆಗೆದರೆ 40 ಜನ, ಬೀಗರೂ ಸೇರಿ. ಆ ಫೋಟೋಗಳನ್ನು ಇವತ್ತಿಗೂ ನಾನು ನೋಡುವುದಿಲ್ಲ. ದಿನ ಗೊತ್ತಿರಲಿ, ಯಾರು ಬರುತ್ತಾರೆ ಅನ್ನುವುದು ಮಾತ್ರ ಗುಟ್ಟಾಗಿರಲಿ ಅಂತ ನನ್ನ ಅಭಿಪ್ರಾಯ.

ಪುಣೆ ಪದ್ದಕ್ಕ

ಅಷ್ಟು ಹೇಳಿದರೆ ಅವರೇ ಅಡುಗೆಗೆ ನಿಂತುಬಿಡುತ್ತಾರೆ ಅಮ್ಮ. ಅಂಥವರಿಗೆ ಗುಟ್ಟೇ ಸರಿ.

ಕೋಥ್ರೂಡ್ ಅಮ್ಮ

ಅಡುಗೆ ಮಾಡಿದರೂ ಪರವಾಗಿಲ್ಲ, ತಲೆ ಬಾಚಿಕೊಂಡು ಬಂದಿರುತ್ತಾರಲ್ಲ. ನನ್ನ ಮಾತು ಅಷ್ಟೇ.

ಮಾಟುಂಗ ಕಾಫಿ

ಇಬ್ಬರೂ ಹೇಳಿದ್ದು ನಿಜ. ಆದ್ದರಿಂದ ಕರೆದುಕೊಂಡು ಬರುವ ನೆಪ ಸೀರೆ ಉಡುವಂಥದ್ದೇ ಆಗಿರಬೇಕು. "ಹೊರಗೆ ಊಟಕ್ಕೆ ಹೋಗೋಣ" ಸಾಲದು. ಬೇರೆ ಯಾರದೋ ಕಾರ್ಯಕ್ರಮ ಆಗಬೇಕು. ಆದರೆ ಅತ್ತಿಗೆಗೆ ಗೊತ್ತಿರುವವರ ಹೆಸರು ಹೇಳಬೇಡಿ, ಅವರಿಗೇ ಫೋನ್ ಮಾಡಿ ವಿಚಾರಿಸಿಬಿಡುತ್ತಾರೆ.

ವಾಸ್ಕೊ ಹುಡುಗ

ಈಗ ಅರ್ಥ ಆಯಿತು, ಮೊದಲು ಅವಸರದಲ್ಲಿ ಓದಿದ್ದೆ. ನಮ್ಮ ಮನೆಯದೂ ಒಂದು. ಮುಂಬಯಿಯಲ್ಲಿರುವ ಮಾವನಿಗೆ ಗುಟ್ಟಾಗಿ ನಾವು ಐದು ಜನ ಮಡಗಾಂವ್‌ನಿಂದ ಕೊಂಕಣ ಕನ್ಯಾ ಹತ್ತಿದೆವು. ಸಂಜೆ ಹೊರಟು ಬೆಳಗಿನ ಜಾವ ಠಾಣೆ. ನನ್ನ ತಂಗಿ ಸ್ಟೇಷನ್ ಬೋರ್ಡಿನ ಕೆಳಗೆ ನಿಂತು ಸೆಲ್ಫಿ ತೆಗೆದು ಸ್ಟೇಟಸ್ ಹಾಕಿದಳು. ಮಾವ ಬೆಳಿಗ್ಗೆ ಎದ್ದು ಮೊದಲು ನೋಡುವುದೇ ಸ್ಟೇಟಸ್. ನಾವು ಮನೆ ತಲುಪುವಷ್ಟರಲ್ಲಿ ಐದು ಲೋಟ ಚಹಾ ರೆಡಿ. ದೂರದಿಂದ ಬರುವವರಿಗೆ ಸ್ಟೇಟಸ್ ಹಾಕಬೇಡಿ ಅಂತ ಬೇರೆಯಾಗಿ ಹೇಳಿ. ಗುಟ್ಟು ಅಂತ ಹೇಳಿದರೆ ಮಾತಾಡಬಾರದು ಅಂತ ಅಂದುಕೊಳ್ಳುತ್ತಾರೆ, ಫೋಟೋ ನೆನಪಾಗುವುದಿಲ್ಲ.

ಮುಲುಂಡ್ ಮೈದುನ · ಮಂಗಳವಾರ

ಕೇಕ್ ಉತ್ತರ ಹೋಯಿತು. ಅತ್ತಿಗೆ "ಆ ಹುಡುಗಿ ಯಾರು, ಮದುವೆ ಆಗಿದೆಯಾ?" ಅಂತ ಅವನನ್ನೇ ಹಿಡಿದುಕೊಂಡಿದ್ದಾರೆ. ಅವನ ಪಾಡು ಅವನಿಗೆ. ಅಣ್ಣ ಆಫೀಸಿನಿಂದ ಎಲ್ಲ ಅಳಿಸಿದ. ಗ್ಯಾಲರಿಯಲ್ಲಿ ಮೂರು ಕೇಕಿನ ಫೋಟೋ ಇದ್ದವಂತೆ! ಹಾಲ್ ಶನಿವಾರಕ್ಕೆ ಬದಲಾಯಿತು. ಮುಂಗಡ 5,000 ನಾನೇ ಕೊಟ್ಟೆ, ಅಣ್ಣನ ಖಾತೆ ಜಾಯಿಂಟ್, ಎಸ್‌ಎಂಎಸ್ ಇಬ್ಬರಿಗೂ ಹೋಗುತ್ತದೆ. ಉಳಿದವರಿಗೆ ಮುಂದಿನ ಬುಧವಾರ ಬ್ರಾಡ್‌ಕಾಸ್ಟ್.

ಮುಲುಂಡ್ ಮೈದುನ · ಮುಂದಿನ ವಾರ, ಭಾನುವಾರ

ಆಯಿತು! ನಿನ್ನೆ ರಾತ್ರಿ ಮುಗಿಯುವಷ್ಟರಲ್ಲಿ 11.30. ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟರು. ಎರಡು ನಿಮಿಷ ಮಾತಿಲ್ಲ. ಆಮೇಲೆ ಮೊದಲ ಮಾತು: "ಎಲ್ಲರಿಗೂ ನೀರು ಕೊಟ್ಟಿದ್ದೀರಾ?"

ಆದರೆ ಗುರುವಾರ ಎಲ್ಲ ಮುಗಿದೇ ಹೋಗಿತ್ತು. ಹಾಲ್ ಬುಕ್ ಮಾಡುವಾಗ ಫಾರಂನಲ್ಲಿ ಎರಡನೇ ನಂಬರ್ ಅಂತ ನಾನೇ ಅಣ್ಣನ ನಂಬರ್ ಬರೆದಿದ್ದೆ. ನನಗೆ ಮರೆತೇಹೋಗಿತ್ತು. ಗುರುವಾರ ಸಂಜೆ ಹಾಲಿನವರು ನನಗೆ ಫೋನ್ ಮಾಡಿದ್ದಾರೆ, ನಾನು ಲೋಕಲ್‌ನಲ್ಲಿದ್ದೆ, ಎತ್ತಲಿಲ್ಲ. ಅಣ್ಣನಿಗೆ ಮಾಡಿದ್ದಾರೆ. ಎತ್ತಿದ್ದು ಅತ್ತಿಗೆ. "ಶನಿವಾರದ 34 ಊಟದಲ್ಲಿ ಬೆಳ್ಳುಳ್ಳಿ ಇಲ್ಲದ್ದು ಎಷ್ಟು?"

ಅಣ್ಣನಿಗೆ ಯಾವತ್ತೂ ಸುಳ್ಳು ಬರುವುದಿಲ್ಲ. ಅವತ್ತು ಹೇಗೋ ಬಂತು. "ಆಫೀಸಿನಲ್ಲೊಬ್ಬರು ರಿಟೈರ್ ಆಗುತ್ತಿದ್ದಾರೆ, ವ್ಯವಸ್ಥೆ ನನ್ನ ತಲೆಗೆ ಕಟ್ಟಿದ್ದಾರೆ, ಹೆಂಡತಿಯರನ್ನೂ ಕರೆದಿದ್ದಾರೆ, ನಿನಗೆ ಹೇಳಬೇಕು ಅಂತಿದ್ದೆ" ಅಂದನಂತೆ. ನಾವು ಇಟ್ಟುಕೊಂಡಿದ್ದ ನೆಪ, ಮಗಳ ಗೆಳತಿಯ ಎಂಗೇಜ್‌ಮೆಂಟ್, ಇದರ ಮುಂದೆ ಏನೂ ಅಲ್ಲ. ಅತ್ತಿಗೆ ತಾವಾಗಿಯೇ ಮೈಸೂರು ಸಿಲ್ಕ್ ಉಟ್ಟು ಬಂದರು. ಅಷ್ಟೇ ಅಲ್ಲ, ರಿಟೈರ್ ಆಗುವವರಿಗೆ ಬರಿಗೈಯಲ್ಲಿ ಹೋಗಬಾರದು ಅಂತ ಶುಕ್ರವಾರ 850 ರೂಪಾಯಿಯ ಗೋಡೆ ಗಡಿಯಾರ ಕೊಂಡು, ಬಣ್ಣದ ಕಾಗದ ಸುತ್ತಿ ತಂದಿದ್ದರು.

ಮಾಟುಂಗ ಕಾಫಿ

ಫಾರಂನ ಎರಡನೇ ನಂಬರ್! ನಮ್ಮ ಕೆಟ್ಟ ಎರಡರಲ್ಲಿ ಒಂದು ಹೀಗೇ ಕೆಟ್ಟದ್ದು. ಅಲ್ಲಿ ಕೇಕಿನ ಅಂಗಡಿಯವನು ನೇರ ಹುಟ್ಟುಹಬ್ಬದವರಿಗೇ ಫೋನ್ ಮಾಡಿ ಸ್ಪೆಲ್ಲಿಂಗ್ ಕೇಳಿದ್ದ. ಹೇಳಲು ನನಗೇ ನೆನಪಾಗಲಿಲ್ಲ ನೋಡಿ. ಬ್ರಾಡ್‌ಕಾಸ್ಟ್ ಎಲ್ಲರಿಗೂ ತಲುಪಿತಾ?

ಮುಲುಂಡ್ ಮೈದುನ

ಮೂವರಿಗೆ ತಲುಪಲಿಲ್ಲ ಅಕ್ಕ. ಒಂದೇ ಟಿಕ್ ಇತ್ತು, ನೆಟ್ ಇಲ್ಲ ಅಂದುಕೊಂಡೆ. ಇಬ್ಬರಿಗೆ ಶುಕ್ರವಾರ ಫೋನ್ ಮಾಡಿದೆ, ಬಂದರು. ನನ್ನ ದೊಡ್ಡಮ್ಮನಿಗೆ ಮಾಡುವುದು ಬಿಟ್ಟುಹೋಯಿತು. ಅವರ ಹೊಸ ಫೋನಿನಲ್ಲಿ ನನ್ನ ನಂಬರ್ ಸೇವ್ ಇರಲಿಲ್ಲವಂತೆ. ಇವತ್ತು ಬೆಳಿಗ್ಗೆ ಹಳೆ ಗ್ರೂಪಿಗೆ ಫೋಟೋಗಳು ಬಂದವಲ್ಲ, ಅದನ್ನು ನೋಡಿ ಅವರಿಗೆ ವಿಷಯ ಗೊತ್ತಾಗಿದೆ. ಮೂರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ.

ಕೋಥ್ರೂಡ್ ಅಮ್ಮ

ಫೋನ್ ಮಾಡಿದರೆ ಎತ್ತುವುದಿಲ್ಲ. ಮನೆಗೇ ಹೋಗಿ. ಅತ್ತಿಗೆಯನ್ನೂ ಕರೆದುಕೊಂಡು ಹೋಗಿ.

ಠಾಣೆ ಟಿಫಿನ್

ಹೋಗುವಾಗ ಆ ಗಡಿಯಾರ ತಗೊಂಡು ಹೋಗಿ. ಕಾಗದ ಬಿಚ್ಚಿಲ್ಲ ತಾನೇ?

ಮುಲುಂಡ್ ಮೈದುನ

ಬಿಚ್ಚಿ ಆಗಿದೆ. ಅಣ್ಣನ ಹಾಲ್‌ನಲ್ಲಿ ತೂಗುತ್ತಿದೆ.